ದುಡ್ಡು ಕೊಟ್ಟ ಲಿಸ್ಟಿಂಗ್, ಗೂಗಲ್ ಪ್ರೊಫೈಲ್, ಬಾಯಿ ಮಾತು: ಮೂರನ್ನೂ ನೋಡಿದ ಎಲೆಕ್ಟ್ರಿಷಿಯನ್‌ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಗೂಗಲ್ ಮ್ಯಾಪ್‌ನ ಬಿಟ್ಟಿ ಪ್ರೊಫೈಲ್ ಕಡೆಯವನು. 21,240 ರೂಪಾಯಿ ಬೇರೆ ಕಡೆ ಸುರಿದ ಮೇಲೆ ಬಂದ ಬುದ್ಧಿ ಇದು. ಮನೆ ಮೈಸೂರಿನ ಬೋಗಾದಿಯಲ್ಲಿ. ಅಂಗಡಿ ಇಲ್ಲ. ಒಂದು ಸ್ಕೂಟರ್, ಒಂದು ಟೂಲ್ ಬ್ಯಾಗ್, ಒಂದು ಏಣಿ. ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡಿಲ್ಲ. ಈ ಹೋಲಿಕೆ ನನ್ನಂಥ ಒಂಟಿ ಎಲೆಕ್ಟ್ರಿಷಿಯನ್, ಪ್ಲಂಬರ್‌ಗಳಿಗೆ ಅಂತ ಓದಿಕೊಳ್ಳಿ.

ಮೊದಲು ದುಡ್ಡು ಕೊಟ್ಟ ಲಿಸ್ಟಿಂಗ್, ಅಂದರೆ ಗಿರಾಕಿಗಳು ಹುಡುಕುವ ಪಟ್ಟಿಯಲ್ಲಿ ದುಡ್ಡು ಕೊಟ್ಟು ನಮ್ಮ ಹೆಸರು ಹಾಕಿಸುವುದು. ಕಂಪನಿಯ ಹೆಸರು ಬೇಡ. ಒಬ್ಬ ಹುಡುಗ ಮನೆಗೇ ಬಂದು ಪ್ಯಾಕೇಜ್ ವಿವರಿಸಿದ. ವರ್ಷಕ್ಕೆ 18,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ತಿಂಗಳಿಗೆ 1,770 ಬ್ಯಾಂಕಿನಿಂದ ತಾನಾಗಿಯೇ ಕಟ್ ಆಗುತ್ತದೆ ಅಂದ. ಚಹಾ ಕುಡಿದು ಸಹಿ ಹಾಕಿದೆ.

ಫೋನ್ ಬರಲಿಲ್ಲ ಅಂತ ಹೇಳಲಾರೆ. ವರ್ಷದಲ್ಲಿ ಸುಮಾರು 170 ಫೋನ್ ಬಂದವು. ಅದರಲ್ಲಿ ಕೆಲಸ ಆಗಿದ್ದು 27. ಒಂದೇ ಗಿರಾಕಿಯ ನಂಬರನ್ನು ಕಂಪನಿಯವರು ನಾಲ್ಕೈದು ಜನಕ್ಕೆ ಕೊಡುತ್ತಿದ್ದರು. ನಾನು ತಿರುಗಿ ಫೋನ್ ಮಾಡುವಷ್ಟರಲ್ಲಿ "ಆಗಲೇ ಇಬ್ಬರು ಮಾತಾಡಿದ್ರು, ಒಬ್ಬರು 150ಕ್ಕೆ ಬರ್ತಾರಂತೆ" ಅನ್ನುವ ಮಾತು. ಒಂದು ಕೆಲಸ ಸಿಗಲು ನನಗೆ ಬಿದ್ದ ಖರ್ಚು ಹತ್ತಿರ ಹತ್ತಿರ 790 ರೂಪಾಯಿ. ಫ್ಯಾನ್ ಹಾಕಿದರೆ ನನಗೆ ಸಿಗುವುದು 250. ಲೆಕ್ಕ ನೀವೇ ಹಾಕಿ.

ಇಷ್ಟೇ ಆಗಿದ್ದರೆ ನಷ್ಟ ಆಯ್ತು ಅಂತ ಸುಮ್ನಿರುತ್ತಿದ್ದೆ. ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ನಾನು ಪ್ಯಾಕೇಜ್ ಮುಂದುವರಿಸದೆ ಬಿಟ್ಟು ಎರಡು ತಿಂಗಳಾಗಿತ್ತು. ಸರಸ್ವತಿಪುರಂನ ತರಕಾರಿ ಅಂಗಡಿ ಹತ್ತಿರ ಹಳೇ ಗಿರಾಕಿ ಒಬ್ಬರು ಸಿಕ್ಕರು. ಅರವತ್ತು ದಾಟಿದ ಅಮ್ಮ. ಹಿಂದೆ ಅವರ ಮನೆಯ ವೈರಿಂಗ್ ಸ್ವಲ್ಪ ಸರಿ ಮಾಡಿ, ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಪೆಟ್ಟಿಗೆಗೆ, ಕರೆಂಟ್ ಲೀಕ್ ಆದರೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಕೊಟ್ಟಿದ್ದೆ.

"ಏನಪ್ಪಾ, ನಿನಗೆ ಫೋನ್ ಮಾಡಿದ್ರೆ ಬೇರೆ ಯಾರನ್ನೋ ಕಳಿಸಿಬಿಟ್ಟೆಯಲ್ಲ?" ಅಂದರು.

"ನಂಗೆ ಫೋನೇ ಬಂದಿಲ್ವಲ್ಲ ಅಮ್ಮಾ."

ಅವರು ಮೊಬೈಲ್ ತೆಗೆದು ತೋರಿಸಿದರು. 'ಕರೆಂಟ್ ಹುಡುಗ' ಅಂತ ಸೇವ್ ಆಗಿತ್ತು. ಕೆಳಗಿದ್ದದ್ದು ನನ್ನ ನಂಬರ್ ಅಲ್ಲ.

ಆಗ ಅರ್ಥವಾಯಿತು. ಲಿಸ್ಟಿಂಗ್‌ನಲ್ಲಿ ನನ್ನ ಹೆಸರಿನ ಕೆಳಗೆ ಕಾಣುತ್ತಿದ್ದದ್ದು ಕಂಪನಿಯ ನಂಬರ್. ಪ್ಯಾಕೇಜ್ ಇರುವತನಕ ಅದು ನನ್ನ ಮೊಬೈಲಿಗೆ ತಿರುಗುತ್ತಿತ್ತು. ದುಡ್ಡು ನಿಂತ ಮೇಲೆ ಬೇರೊಬ್ಬ ಎಲೆಕ್ಟ್ರಿಷಿಯನ್ ಕಡೆಗೆ ತಿರುಗಿತು. ದಾರಿ ಕೇಳಲು ನಾನು ನನ್ನ ಫೋನಿನಿಂದ ಅವರಿಗೆ ಕರೆ ಮಾಡಿದ್ದೆ, ನಿಜ. ಆದರೆ ಯಾರು ಅದನ್ನು ಸೇವ್ ಮಾಡಿಕೊಳ್ಳುತ್ತಾರೆ? ಮೊದಲು ತಾವು ಹಚ್ಚಿದ ನಂಬರೇ ಅವರ ಪಾಲಿಗೆ ನನ್ನ ನಂಬರ್. ಆ 27 ಮನೆಗಳಲ್ಲಿ ಎಷ್ಟು ಮನೆಯವರು ನನ್ನನ್ನೇ ಕರೆಯುತ್ತಿದ್ದೇವೆ ಅಂದುಕೊಂಡು ಬೇರೆಯವರನ್ನು ಕರೆದರೋ! ವರ್ಷವಿಡೀ ಕೆಲಸ ಮಾಡಿ ಸಂಪಾದಿಸಿದ ಹೆಸರು ಹೋಗಿ ಆ ನಂಬರಿಗೆ ಅಂಟಿಕೊಂಡಿತ್ತು, ಆ ನಂಬರ್ ಬಾಡಿಗೆಯದು.

ಇನ್ನು ನನ್ನ ಬದಲು ಬಂದವನು ಮಾಡಿದ ಕೆಲಸ ನೋಡಿ. ಅವರ ಮನೆಯಲ್ಲಿ ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ ಟ್ರಿಪ್ ಆಗುತ್ತಿತ್ತಂತೆ. ಆತ "ಇದೇ ಕೆಟ್ಟಿದೆ" ಅಂತ ಹೇಳಿ, ಆರ್‌ಸಿಸಿಬಿಯನ್ನೇ ಬಿಟ್ಟು ವೈರನ್ನು ನೇರವಾಗಿ ಜೋಡಿಸಿ ಹೋಗಿದ್ದ. ಟ್ರಿಪ್ ಆಗುವುದು ನಿಂತಿತು, ಅಮ್ಮನಿಗೂ ಖುಷಿ. ಅವತ್ತೇ ಸಂಜೆ ಹೋಗಿ ಡಿಬಿ ಬಿಚ್ಚಿದೆ. ಗೀಸರಿನ ಪ್ಲಗ್ ತೆಗೆದು ಎಲಿಮೆಂಟಿಗೆ ಲೀಕೇಜ್ ನೋಡುವ ಮೆಗ್ಗರ್ ಮೀಟರ್ ಹಚ್ಚಿದರೆ ಎಲಿಮೆಂಟಿನಿಂದ ಗೀಸರಿನ ಲೋಹದ ಮೈಗೆ ಲೀಕ್ ಆಗುತ್ತಿತ್ತು. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪ್ ಲೀಕೇಜ್ ಆಗುವಷ್ಟರಲ್ಲೇ ಕರೆಂಟ್ ಕಡಿಯುತ್ತದೆ. ಅಂದರೆ ಅದು ಕೆಟ್ಟಿರಲಿಲ್ಲ, ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಅರ್ತಿಂಗ್ ಎಲ್ಲಾದರೂ ಸಡಿಲ ಆಗಿದ್ದರೆ ಗೀಸರಿನ ನಲ್ಲಿ ಮುಟ್ಟಿದವರಿಗೆ ಶಾಕ್ ಗ್ಯಾರಂಟಿ. ಎಲಿಮೆಂಟ್ ಬದಲಾಯಿಸಿ, ಆರ್‌ಸಿಸಿಬಿಯನ್ನು ಮತ್ತೆ ಲೈನಿಗೆ ತಂದು, ಅದರ ಟೆಸ್ಟ್ ಬಟನ್ ಒತ್ತಿ ತೋರಿಸಿ ಬಂದೆ.

ಲಿಸ್ಟಿಂಗ್ ತೆಗೆದುಕೊಂಡಿರುವವರು ಇವತ್ತೇ ಒಂದು ಕೆಲಸ ಮಾಡಿ. ಮನೆಯವರ ಫೋನಿನಲ್ಲಿ ನಿಮ್ಮ ಪೇಜ್ ತೆರೆದು, ಅಲ್ಲಿರುವ ನಂಬರಿನ ಅಂಕಿಗಳನ್ನು ಒಂದೊಂದಾಗಿ ಓದಿ. ಅದು ನಿಮ್ಮ ಸಿಮ್‌ನ ನಂಬರ್ ಅಲ್ಲದಿದ್ದರೆ ಅಲ್ಲಿಂದ ಬಂದ ಪ್ರತಿ ಗಿರಾಕಿಗೂ ನಿಮ್ಮ ಸ್ವಂತ ನಂಬರ್ ಬರೆದುಕೊಡಿ. ನಾನೀಗ ಸ್ಟಿಕ್ಕರ್ ಮಾಡಿಸಿದ್ದೇನೆ. ಹೆಸರು, ನಂಬರ್, ಕೆಳಗೆ ತಾರೀಕು ಮತ್ತು ಏನು ಬದಲಾಯಿಸಿದೆ ಅಂತ ಪೆನ್ನಿನಲ್ಲಿ ಬರೆಯಲು ಎರಡು ಗೆರೆ. ಡಿಬಿ ಬಾಗಿಲಿನ ಒಳಮೈಗೆ ಅಂಟಿಸುತ್ತೇನೆ. ಕರೆಂಟ್ ಹೋದಾಗ ಜನ ಮೊದಲು ತೆರೆಯುವುದು ಅದೇ ಬಾಗಿಲು ತಾನೇ.

ಟೀ ಶರ್ಟ್ ಹಾಕಿಸಿ ಕೆಲಸಕ್ಕೆ ಕಳಿಸುವ ಆಪ್‌ಗಳ ಬಗ್ಗೆ ಒಂದೇ ಮಾತು: ಅಲ್ಲಿ ಸಿಗುವ ಸ್ಟಾರ್ ಆಪ್‌ನೊಳಗೇ ಇರುತ್ತದೆ, ಬಿಟ್ಟು ಬರುವಾಗ ಕೈಯಲ್ಲಿ ತರಲು ಆಗುವುದಿಲ್ಲ. ಮೂರು ವಾರ ನೋಡಿ ಬಿಟ್ಟೆ.

ಇನ್ನು ಗೂಗಲ್ ಪ್ರೊಫೈಲ್. ಇದಕ್ಕೆ ದುಡ್ಡಿಲ್ಲ, ನಂಬರ್ ನಮ್ಮದೇ. ಆದರೆ ಮೊದಲ ಸಲ ನಾನೇ ಎಡವಟ್ಟು ಮಾಡಿಕೊಂಡೆ. ಹೆಸರಿನ ಜಾಗದಲ್ಲಿ 'ಮೈಸೂರು ಬೆಸ್ಟ್ ಎಲೆಕ್ಟ್ರಿಷಿಯನ್ 24 ಗಂಟೆ' ಅಂತ ತುಂಬಿದೆ. ಅಂಗಡಿ ಇಲ್ಲವಲ್ಲ ಅಂತ ಗೆಳೆಯನ ಹಾರ್ಡ್‌ವೇರ್ ಅಂಗಡಿಯ ವಿಳಾಸ ಕೊಟ್ಟೆ. ಎರಡೂ ಅವರ ನಿಯಮಕ್ಕೆ ವಿರುದ್ಧ. ಬೋರ್ಡಿನಲ್ಲೋ ಬಿಲ್ಲಿನಲ್ಲೋ ಇರುವ ಹೆಸರನ್ನೇ ಕೊಡಬೇಕು, ಅದಕ್ಕೆ ಬಾಲ ಸೇರಿಸುವಂತಿಲ್ಲ. ಸಹಜವಾಗಿಯೇ ಪಾಸ್ ಆಗಲಿಲ್ಲ.

ಎರಡನೇ ಸಲ ಸರಿಯಾಗಿ ಮಾಡಿದೆ. ನನ್ನ ಹೆಸರು, ಪಕ್ಕದಲ್ಲಿ ಎಲೆಕ್ಟ್ರಿಕಲ್ಸ್, ಅಷ್ಟೇ. ವಿಳಾಸ ಮನೆಯದು, ಆದರೆ ಗಿರಾಕಿಗಳಿಗೆ ಕಾಣದ ಹಾಗೆ ಮುಚ್ಚಿಟ್ಟೆ. ನಮ್ಮ ಹಾಗೆ ಮನೆಮನೆಗೆ ಹೋಗಿ ಕೆಲಸ ಮಾಡುವವರು ವಿಳಾಸದ ಬದಲು ಓಡಾಡುವ ಏರಿಯಾಗಳನ್ನು ಹಾಕಬಹುದು, 20ರವರೆಗೆ. ನಾನು ಹಾಕಿದ್ದು ಆರು. ಆಮೇಲೆ ಕೆಲಸ ನಿಜವೋ ಅಂತ ಖಚಿತ ಮಾಡಿಕೊಳ್ಳಲು ಗೂಗಲ್ ವಿಡಿಯೋ ಕೇಳಿತು. ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯಬೇಕು. ರಸ್ತೆ ಹೆಸರಿನ ಬೋರ್ಡಿನಿಂದ ಶುರು ಮಾಡಿ, ಮನೆ ಮುಂದಿನ ಸ್ಕೂಟರ್, ಅದರ ಮೇಲಿನ ಹೆಸರಿನ ಸ್ಟಿಕ್ಕರ್, ಟೂಲ್ ಬ್ಯಾಗ್ ತೆರೆದು ಮೆಗ್ಗರ್, ಟೆಸ್ಟರ್, ಡ್ರಿಲ್, ಕೊನೆಗೆ ನನ್ನ ಹೆಸರು ಅಚ್ಚಾದ ಬಿಲ್ ಬುಕ್ ತೋರಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮುಖ ತೋರಿಸುವ ಅಗತ್ಯ ಇಲ್ಲದ್ದರಿಂದ ಅವಳು ಬಚಾವ್. ಪಾಸ್ ಆಯಿತು.

ರಿವ್ಯೂ ಕೇಳುವುದು ಮೊದಮೊದಲು ನಾಚಿಕೆ. 'ಗುಡ್', 'ನೈಸ್ ವರ್ಕ್' ಅಂತ ಬರುತ್ತಿದ್ದವು. ಬೇಡ ಅನ್ನಲ್ಲ, ಆದರೆ ಅದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಸರಸ್ವತಿಪುರಂ ಅಮ್ಮನ ಮಗ ಬೆಂಗಳೂರಿನಿಂದ ಬಂದಾಗ ನಡೆದದ್ದನ್ನೆಲ್ಲ ಬರೆದರು: ಗೀಸರ್ ಹಾಕಿದರೆ ಟ್ರಿಪ್ ಆಗುತ್ತಿತ್ತು, ಬೇರೆಯವರು ಬೈಪಾಸ್ ಮಾಡಿದ್ದರು, ಇವರು ಎಲಿಮೆಂಟ್ ಲೀಕೇಜ್ ಪತ್ತೆ ಮಾಡಿದರು, ಕೆಲಸಕ್ಕೆ ಮುಂಚೆ ರೇಟ್ ಹೇಳಿದರು. ನಾಲ್ಕೇ ಸಾಲು. ಅದಾದ ಮೇಲೆ ಬಂದ ಫೋನ್‌ಗಳ ಧಾಟಿಯೇ ಬದಲಾಯಿತು. "ನಮ್ಮನೇಲೂ ಗೀಸರ್ ಟ್ರಿಪ್ ಆಗ್ತಿದೆ, ರಿವ್ಯೂ ನೋಡಿ ಮಾಡಿದ್ದು" ಅಂತ ಶುರು ಮಾಡುತ್ತಾರೆ. ಜನ ಹುಡುಕುವ ಪದ ರಿವ್ಯೂನಲ್ಲಿ ಇದ್ದರೆ ಗೂಗಲ್ ಕೆಲವು ಸಲ ಆ ಸಾಲನ್ನೇ ಎತ್ತಿ ತೋರಿಸುತ್ತದೆ.

ಈಗ ಕೇಳುವ ರೀತಿಯನ್ನೂ ಬದಲಾಯಿಸಿದ್ದೇನೆ. "ಐದು ಸ್ಟಾರ್ ಕೊಡಿ ಸರ್" ಅನ್ನುವುದಿಲ್ಲ. ಕೆಲಸ ಮುಗಿಸಿ, ಸ್ವಿಚ್ ಹಾಕಿ ತೋರಿಸಿ, ದುಡ್ಡು ಇಸಿದುಕೊಂಡ ಮೇಲೆ ವಾಟ್ಸಾಪಿನಲ್ಲಿ ರಿವ್ಯೂ ಲಿಂಕ್ ಕಳಿಸಿ, "ಏನು ತೊಂದರೆ ಇತ್ತು, ಏನು ಮಾಡಿದೆ ಅಂತ ಎರಡು ಸಾಲು ಬರೆಯಿರಿ, ಕನ್ನಡದಲ್ಲೇ ಬರೆಯಿರಿ" ಅನ್ನುತ್ತೇನೆ. ಎಲ್ಲರಿಗೂ ಕಳಿಸುತ್ತೇನೆ, ಮುಖ ಗಂಟು ಹಾಕಿಕೊಂಡವರಿಗೂ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು, ರಿವ್ಯೂಗೆ ಡಿಸ್ಕೌಂಟ್ ಕೊಡುವುದು ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ. ಒಬ್ಬರು 'ಹೇಳಿದ ಟೈಮಿಗೆ ಬರಲ್ಲ' ಅಂತ ಎರಡು ಸ್ಟಾರ್ ಕೊಟ್ಟಿದ್ದಾರೆ. ನಿಜ, ಅವತ್ತು ಎರಡು ಗಂಟೆ ತಡ ಮಾಡಿದ್ದೆ. ತಪ್ಪಾಯಿತು ಅಂತ ಉತ್ತರ ಬರೆದು ಬಿಟ್ಟೆ.

ಇದಕ್ಕೂ ಮಿತಿ ಇದೆ. ನಜರ್‌ಬಾದ್‌ನಲ್ಲಿ ಕೂತು ಹುಡುಕುವವರಿಗೆ ಬೋಗಾದಿಯ ನಾನು ಕಾಣುವುದು ಕಷ್ಟ. ಹತ್ತಿರ ಇರುವವರಿಗೆ ಗೂಗಲ್ ಜಾಸ್ತಿ ತೂಕ ಕೊಡುತ್ತದೆ. ಏರಿಯಾ ಪಟ್ಟಿಗೆ ಊರೆಲ್ಲ ಸೇರಿಸಿದ ಮಾತ್ರಕ್ಕೆ ಎಲ್ಲ ಕಡೆ ಮೇಲೆ ಬರುವುದಿಲ್ಲ. ನನಗೆ ಅದೇ ಒಳ್ಳೆಯದಾಯಿತು, ಪೆಟ್ರೋಲ್ ಉಳಿಯಿತು.

ಬಾಯಿ ಮಾತಿನ ಗಿರಾಕಿಯಷ್ಟು ಒಳ್ಳೆಯ ಗಿರಾಕಿ ಇಲ್ಲ, ಒಪ್ಪಿದೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ "ಒಳ್ಳೆ ಎಲೆಕ್ಟ್ರಿಷಿಯನ್ ಇದ್ರೆ ನಂಬರ್ ಹಾಕಿ" ಅಂತ ಯಾರೋ ಕೇಳಿ, ಇನ್ಯಾರೋ ನನ್ನ ನಂಬರ್ ಹಾಕಿದರೆ ಚೌಕಾಸಿಯೇ ಇರುವುದಿಲ್ಲ. ಆದರೆ ಆ ಮೆಸೇಜ್ ಸಂಜೆಗೆಲ್ಲ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಎಲೆಕ್ಟ್ರಿಕಲ್ ಅಂಗಡಿಯವರೂ ನಂಬರ್ ಕೊಡುತ್ತಾರೆ, ಆದರೆ ಸಾಮಾನೆಲ್ಲ ಅವರಲ್ಲೇ ಕೊಳ್ಳಬೇಕು ಅನ್ನುವುದು ಹೇಳದೆಯೇ ಇರುವ ಮಾತು. ಗಿರಾಕಿ "ಈ ಬ್ರ್ಯಾಂಡ್ ಬೇಡ" ಅಂದಾಗ ನಡುವೆ ಸಿಕ್ಕಿಕೊಳ್ಳುವವನು ನಾನು. ಮತ್ತೊಂದು, ಈಗೀಗ ಶಿಫಾರಸಿನಿಂದ ನಂಬರ್ ಸಿಕ್ಕವರೂ ನನ್ನ ಹೆಸರನ್ನು ಗೂಗಲ್‌ನಲ್ಲಿ ಒಮ್ಮೆ ನೋಡಿಯೇ ಫೋನ್ ಮಾಡುತ್ತಾರೆ.

ನಾನು ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಮನೆ ಹಿಡಿಯುವವನು. ಏಣಿ ಮೇಲಿರುವಾಗ ಫೋನ್ ಎತ್ತುವುದಿಲ್ಲ. ಹಾಗಾಗಿ ತಿಂಗಳಿಗೆ ಗೂಗಲ್‌ನಿಂದ ಬರುವ ಹದಿನೈದು ಇಪ್ಪತ್ತು ಫೋನ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ, ಇಷ್ಟು ಸಾಕು. ನಾಲ್ಕು ಹುಡುಗರನ್ನು ಇಟ್ಟುಕೊಂಡು ಅವರಿಗೆ ದಿನಾ ಕೆಲಸ ಹುಡುಕಬೇಕಾದವರಿಗೆ ಲಿಸ್ಟಿಂಗ್‌ನ ಫೋನ್‌ಗಳು ಉಪಯೋಗಕ್ಕೆ ಬರಬಹುದು. ಫೋನ್ ಬಂದ ಎರಡು ನಿಮಿಷದಲ್ಲಿ ತಿರುಗಿ ಮಾತಾಡಲು ಮನೆಯಲ್ಲಿ ಒಬ್ಬರು ಕೂತಿರಬೇಕು, ಅಷ್ಟೆ.

ಲಿಸ್ಟಿಂಗ್ ಹುಡುಗ ಹೋದ ವಾರ ಮತ್ತೆ ಫೋನ್ ಮಾಡಿದ್ದ. "ಸರ್, ಈ ಸಲ ಆಫರ್ ಇದೆ, 12,000ಕ್ಕೆ ಮಾಡಿಕೊಡ್ತೀನಿ."

"ಪೇಜಲ್ಲಿ ಯಾರ ನಂಬರ್ ಹಾಕ್ತೀರಪ್ಪ?"

"ಅದು ಸಿಸ್ಟಮ್ ನಂಬರ್ ಬರುತ್ತೆ ಸರ್."

ಏಣಿ ಮೇಲಿದ್ದೀನಿ ಅಂತ ಹೇಳಿ ಇಟ್ಟೆ. ಮನೆಯಲ್ಲಿ ಊಟಕ್ಕೆ ಕೂತಿದ್ದೆ.