ಬ್ಯಾನರ್‌ನಲ್ಲಿ ಹೆಸರು ತಿದ್ದಿಸುವ ಮೇಷ್ಟ್ರುಗಳೇ, ಸ್ಯಾಂಪಲ್ ಚಿತ್ರವನ್ನು ನಂಬಬೇಡಿ

ನಮ್ಮ ಶಾಲೆಯ ವಾರ್ಷಿಕೋತ್ಸವದ ಬ್ಯಾನರ್‌ನಲ್ಲಿ ಬಹುಮಾನ ಪಡೆದ ಮಕ್ಕಳ ಫೋಟೋ, ಕೆಳಗೆ ಹೆಸರು ಇತ್ತು. ಏಳನೇ ತರಗತಿಯ ವರ್ಷಿಣಿ ‘ವರ್ಷಿನಿ’ ಆಗಿದ್ದಳು. ಆಫೀಸಿನಿಂದ ಹೋಗಿದ್ದು ಇಂಗ್ಲಿಷ್ ಪಟ್ಟಿ. ಅದನ್ನು ನೋಡಿ ನಿ ಯಾವುದು, ಣಿ ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ? ಅಲ್ಲಿಗೆ ಡಿಸೈನರ್ ತಪ್ಪೇನೂ ಇಲ್ಲ.

ನಾನು ಅವರಿಗೆ ವಾಟ್ಸಾಪ್‌ನಲ್ಲಿ ಬರೆದೆ: “ಸರ್, ಎರಡನೇ ಸಾಲಿನ ಎಡಗಡೆಯ ಫೋಟೋ ಕೆಳಗೆ ‘ವರ್ಷಿನಿ’ ಅಂತ ಇದೆ. ‘ವರ್ಷಿಣಿ’ ಆಗಬೇಕು.” ಸ್ವಲ್ಪ ಹೊತ್ತಿಗೆ ತಿದ್ದಿದ ಚಿತ್ರ ಬಂತು. ದೊಡ್ಡದು ಮಾಡಿ ನೋಡಿದೆ, ಹೆಸರು ಸರಿಯಾಗೇ ಇತ್ತು. “ಓಕೆ ಸರ್” ಅಂದೆ. ಕಾರ್ಯಕ್ರಮದ ಹಿಂದಿನ ಸಂಜೆ ಫ್ಲೆಕ್ಸ್ ಬಿಚ್ಚಿದರೆ ‘ವಷಿಣಿ’! ಣಿ ಬಂದಿದೆ, ಅರ್ಕಾವತ್ತು ಮಾಯ.

ಹೇಗಾಯ್ತು ಅಂತ ಕೂತು ಕೇಳಿದಾಗ ಎರಡು ವಿಷಯ ಗೊತ್ತಾಯ್ತು. ಬ್ಯಾನರ್ ಮಾಡಿಸುವ ಎಲ್ಲರಿಗೂ ಇದು ಗೊತ್ತಿರಬೇಕು.

ಮೊದಲನೆಯದು, ನಾವು ಮೊಬೈಲ್‌ನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಅವರ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ನುಡಿ ಫಾಂಟು. ಆ ಫಾಂಟಿನಲ್ಲಿ ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ತೆಗೆದು ನೋಡಿದರೆ ‘ವರ್ಷ’ ಅನ್ನುವುದು ªÀµÀð ಅಂತ ಕಾಣುತ್ತೆ. ಹಾಗಾಗಿ ನಾವು ಕಳಿಸಿದ ಹೆಸರನ್ನು ಕಾಪಿ ಮಾಡಿ ಹಾಕಿದರೆ ಅಲ್ಲಿ ಕೂರುವುದಿಲ್ಲ. ಅವರು ಕಣ್ಣಲ್ಲಿ ನೋಡಿ ಮತ್ತೆ ಟೈಪ್ ಮಾಡುತ್ತಾರೆ. ಅಂದರೆ ಪ್ರತಿ ತಿದ್ದುಪಡಿಯೂ ಹೊಸ ತಪ್ಪಿಗೆ ಒಂದು ಅವಕಾಶ.

ಎರಡನೆಯದೇ ನಮಗೆ ಮುಳುವಾಗಿದ್ದು. ಪ್ರೆಸ್ಸಿನವರ ಹತ್ತಿರ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರ ಕೆಡುತ್ತೆ ಅಂತ, ಕಳಿಸುವ ಮುಂಚೆ ಅಕ್ಷರಗಳನ್ನೆಲ್ಲ ‘ಕರ್ವ್ಸ್’ ಮಾಡುತ್ತಾರೆ. ಆಮೇಲೆ ಅದು ಅಕ್ಷರವಲ್ಲ, ಬರೀ ಆಕಾರ. ಟೈಪ್ ಮಾಡಿ ತಿದ್ದೋಕೆ ಆಗಲ್ಲ. ನನ್ನ ಮೆಸೇಜ್ ಹೋಗುವಷ್ಟರಲ್ಲಿ ಕರ್ವ್ಸ್ ಮಾಡಿದ ಫೈಲು ಪ್ರೆಸ್ಸಿಗೆ ಹೋಗಿಬಿಟ್ಟಿತ್ತು. ಅವರು ತಮ್ಮ ಹತ್ತಿರವಿದ್ದ ಮೂಲ ಫೈಲಿನಲ್ಲಿ ಹೆಸರು ತಿದ್ದಿ ನನಗೆ ಚಿತ್ರ ಕಳಿಸಿದರು. ಪ್ರೆಸ್ಸಿನ ಫೈಲಿಗೆ ಅಲ್ಲೇ ತೇಪೆ ಹಾಕಿಸಿದರು. ನುಡಿಯಲ್ಲಿ ಷಿ, ಅರ್ಕಾವತ್ತು, ನಿ ಮೂರೂ ಬೇರೆ ಬೇರೆ ತುಂಡು, ಅಕ್ಕಪಕ್ಕ ನಿಂತಿರುತ್ತವೆ. ‘ನಿ’ ಹಿಡಿದು ಅಳಿಸುವಾಗ ಪಕ್ಕದ ಅರ್ಕಾವತ್ತೂ ಸೇರಿಕೊಂಡು ಹೋಯ್ತು. ಬೇರೆ ಕಡೆಯ ‘ಣಿ’ ತಂದು ಅಂಟಿಸಿದರು. ನಾನು ನೋಡಿ ಒಪ್ಪಿದ್ದು ಒಂದು ಫೈಲು, ಅಚ್ಚಾಗಿದ್ದು ಇನ್ನೊಂದು. ಇದನ್ನು ನನಗೆ ಮೊದಲೇ ಹೇಳಬಹುದಿತ್ತು ಅಲ್ವಾ? “ಸಣ್ಣ ಕರೆಕ್ಷನ್ ತಾನೇ ಮೇಡಂ” ಅಂದರು. ಹುಡುಗಿಯ ಅಜ್ಜಿ ಗೇಟಿನಲ್ಲೇ ನಿಂತು “ಇದ್ಯಾರಮ್ಮ ವಷಿಣಿ?” ಅಂತ ಕೇಳಿದ್ದು ಅವರಿಗೇನು ಗೊತ್ತು.

ಈಗ ನಾನು ಡಿಸೈನರ್‌ಗೆ ಹೀಗೆ ಬರೆಯುತ್ತೇನೆ:

“ಸರ್, ಎರಡನೇ ಸಾಲು, ಎಡಗಡೆಯ ಮೊದಲ ಫೋಟೋ. ಈಗಿರುವುದು: ವರ್ಷಿನಿ. ಆಗಬೇಕಾದದ್ದು: ವರ್ಷಿಣಿ. ಕೊನೆಯ ಅಕ್ಷರ ‘ಬಾಣ’ದ ಣ, ಅದಕ್ಕೆ ಗುಡಿಸು. ಷಿ ಪಕ್ಕದ ಅರ್ಕಾವತ್ತು ಹಾಗೇ ಇರಲಿ. ಕೈಬರಹದ ಫೋಟೋ ಜೊತೆಗಿದೆ. ಫೈಲು ಪ್ರೆಸ್ಸಿಗೆ ಹೋಗಿದೆಯಾ? ಹೋಗಿದ್ದರೆ ದಯವಿಟ್ಟು ಅದನ್ನು ನಿಲ್ಲಿಸಿ, ಮೂಲ ಫೈಲಿನಲ್ಲೇ ತಿದ್ದಿ ಹೊಸದಾಗಿ ಕಳಿಸಿ. ಅಚ್ಚಿಗೆ ಹೋಗುವ ಫೈಲಿನಿಂದಲೇ ತೆಗೆದ ಪೂರ್ತಿ ಬ್ಯಾನರ್ ಚಿತ್ರ ನನಗೆ ಬೇಕು.”

ಸ್ವಲ್ಪ ಉದ್ದವೇ, ಇರಲಿ. ಆ ಚಿತ್ರವನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತೆ, ಒತ್ತಕ್ಷರಗಳು ಮಸುಕಾಗುತ್ತವೆ. ತಿದ್ದಿದ ಹೆಸರು ಮಾತ್ರ ಕತ್ತರಿಸಿ ಕಳಿಸಿದರೆ ಒಪ್ಪಬೇಡಿ. ಪಕ್ಕದ ಮಗುವಿನ ಹೆಸರಿಗೆ ಏನಾಗಿದೆ ಅಂತ ಅದರಲ್ಲಿ ಕಾಣಲ್ಲ. ವಾಯ್ಸ್ ಮೆಸೇಜ್‌ನಲ್ಲಂತೂ ಹೆಸರು ಹೇಳಲೇಬೇಡಿ. ಶ, ಷ ಎರಡೂ ಕಿವಿಗೆ ಒಂದೇ ಥರ.

ಅಚ್ಚಾಗಿಯೇ ಹೋಗಿದ್ದರೆ ಉಳಿಯುವುದು ಸ್ಟಿಕ್ಕರ್. ನಮಗೆ ಒಂದಕ್ಷರದ ಬಿಳಿ ಸ್ಟಿಕ್ಕರ್ ಹಚ್ಚಿಕೊಟ್ಟರು. ಹಿನ್ನೆಲೆ ಹಳದಿಯಿಂದ ಕೇಸರಿಗೆ ತಿರುಗುವ ಬಣ್ಣ, ಹಾಗಾಗಿ ದೂರದಿಂದ ತೇಪೆಯೇ ಮೊದಲು ಕಾಣುತ್ತಿತ್ತು. ಅದೇ ಡಿಸೈನಿನಿಂದ ಹಿನ್ನೆಲೆ ಸಮೇತ ಆ ಹೆಸರಿರುವ ಇಡೀ ಅಡ್ಡಪಟ್ಟಿಯನ್ನು ಅಚ್ಚು ಹಾಕಿಸಿ ಅಂಟಿಸಲು ಹೇಳಿ. ಹೊಳೆಯದ ಮ್ಯಾಟ್ ಸ್ಟಿಕ್ಕರ್ ಆದರೆ ವೇದಿಕೆಯ ಲೈಟಿಗೆ ಅಷ್ಟು ಎದ್ದು ಕಾಣಲ್ಲ.