ಸೌರ ಫಲಕದ ಮೇಲೆ ಬರೆದ ವ್ಯಾಟ್ ನಂಬಿ ಬಸ್ ತಂಗುದಾಣದಲ್ಲಿ ಚಾರ್ಜಿಂಗ್ ಪೆಟ್ಟಿಗೆ ಕಟ್ಟಬೇಡಿ

ಸಾಗರ ತಾಲ್ಲೂಕಿನ ನಮ್ಮೂರ ಬಸ್ ತಂಗುದಾಣಕ್ಕೆ ನಾವು ಕೆಲವರು ಹಣ ಕೂಡಿಸಿ, ಸೌರಶಕ್ತಿಯಿಂದ ಮೊಬೈಲ್ ಚಾರ್ಜ್ ಮಾಡುವ ಪೆಟ್ಟಿಗೆಯೊಂದನ್ನು ಫೆಬ್ರುವರಿಯಲ್ಲಿ ಹಾಕಿಸಿದೆವು. ಬೇಸಿಗೆಯಿಡೀ ತೊಂದರೆಯಿಲ್ಲದೆ ನಡೆದ ಅದು ಜೂನ್ ಕೊನೆಯ ಹೊತ್ತಿಗೆ ಮಧ್ಯಾಹ್ನಕ್ಕೇ ನಿಲ್ಲತೊಡಗಿತು; ಆಗಸ್ಟ್ ಮುಗಿಯುವಷ್ಟರಲ್ಲಿ ಬ್ಯಾಟರಿಯೇ ಕೆಟ್ಟಿತ್ತು. ಸಾಮಾನು ಕೊಟ್ಟ ಅಂಗಡಿಯವರ ಲೆಕ್ಕವನ್ನು ನಾವು ಪರಿಶೀಲಿಸದೆ ಒಪ್ಪಿಕೊಂಡದ್ದೇ ಇದಕ್ಕೆ ಕಾರಣವಾದ್ದರಿಂದ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಪೆಟ್ಟಿಗೆಯಲ್ಲಿ 5 ವೋಲ್ಟಿನಲ್ಲಿ 2 ಆಂಪಿಯರ್, ಅಂದರೆ 10 ವ್ಯಾಟ್ ಕೊಡುವ ನಾಲ್ಕು ಯುಎಸ್‌ಬಿ ಕಿಂಡಿಗಳಿದ್ದವು. ಬಸ್ಸಿಗೆ ಕಾಯುವವರು ಅರ್ಧ ಗಂಟೆ ಚಾರ್ಜಿಗಿಟ್ಟು ಹೊರಡುತ್ತಾರೆ. ಹಾಗಾಗಿ ದಿನಕ್ಕೆ ಎಷ್ಟು ಫೋನುಗಳು ಬರುತ್ತವೆ ಎಂಬುದಕ್ಕಿಂತ ಒಂದು ಕಿಂಡಿ ಒಟ್ಟು ಎಷ್ಟು ಗಂಟೆ ಬಳಕೆಯಾಗುತ್ತದೆ ಎಂದು ನೋಡುವುದು ಸರಿ. ತಲಾ 6 ಗಂಟೆ ಎಂದರೆ 4 × 10 × 6, ಅಂದರೆ 240 ವ್ಯಾಟ್-ಗಂಟೆ. 12 ವೋಲ್ಟನ್ನು 5ಕ್ಕೆ ಇಳಿಸುವಲ್ಲಿ ಆಗುವ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ದಿನಕ್ಕೆ ಸುಮಾರು 22 ಆಂಪಿಯರ್-ಗಂಟೆ ಹೊರಹೋಗುತ್ತದೆ.

ಅಂಗಡಿಯವರು ಕೊಟ್ಟದ್ದು 100 ವ್ಯಾಟಿನ ಒಂದು ಫಲಕ, 40 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿ ಮತ್ತು ಫಲಕದಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್. "ನೂರು ವ್ಯಾಟ್, ಐದು ಗಂಟೆ ಬಿಸಿಲು, ಐನೂರು ವ್ಯಾಟ್-ಗಂಟೆ, ನಿಮಗೆ ಬೇಕಾದದ್ದರ ಎರಡರಷ್ಟಿದೆ" ಎಂದು ಅವರು ಹೇಳಿದಾಗ ನಾವೂ ತಲೆಯಾಡಿಸಿದೆವು. ಆದರೆ ಆ ನೂರು ವ್ಯಾಟ್ ಸಿಗುವುದು ಫಲಕ ಸುಮಾರು 18 ವೋಲ್ಟಿನಲ್ಲಿ 5.5 ಆಂಪಿಯರ್ ಕೊಟ್ಟಾಗ ಮಾತ್ರ. ಪಿಡಬ್ಲ್ಯೂಎಂ ಕಂಟ್ರೋಲರ್ ಫಲಕವನ್ನು ಬ್ಯಾಟರಿಯ 13 ವೋಲ್ಟಿಗೇ ಎಳೆದುಕೊಳ್ಳುವುದರಿಂದ ಕೈಗೆ ಸಿಗುವುದು 72 ವ್ಯಾಟ್. ಆದ್ದರಿಂದ ಇಂಥ ಕಂಟ್ರೋಲರ್ ಇರುವಲ್ಲಿ ಲೆಕ್ಕವನ್ನು ಆಂಪಿಯರಿನಲ್ಲೇ ಮಾಡಬೇಕು. ವರ್ಷದ ಸರಾಸರಿಯಾದ 5 ಗಂಟೆಯ ಪೂರ್ಣ ಬಿಸಿಲಿಗೆ 27.5 ಆಂಪಿಯರ್-ಗಂಟೆ, ಅದರಲ್ಲಿ ಸೀಸದ ಬ್ಯಾಟರಿ ಹಿಡಿದಿಟ್ಟುಕೊಳ್ಳುವುದು ಸುಮಾರು 23. ಬೇಸಿಗೆಯಲ್ಲಿ ಅದು ನಡೆದದ್ದು ಹೀಗೆ, ಕೂದಲೆಳೆಯ ಅಂತರದಲ್ಲಿ.

ಮಲೆನಾಡಿನ ಜುಲೈನಲ್ಲಿ ಮೂರು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೆ ಹೆಚ್ಚು. ಆಗ ಒಳಬರುವುದು 14, ಹೊರಹೋಗುವುದು 22. ದಿನಕ್ಕೆ 8ರ ಕೊರತೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 40ರಲ್ಲಿ ಬಳಸಬಹುದಾದದ್ದು 20 ಮಾತ್ರ. ಅದು ಮೂರನೆಯ ದಿನಕ್ಕೇ ಮುಗಿಯಿತು. ಕಂಟ್ರೋಲರ್ 11.1 ವೋಲ್ಟಿನವರೆಗೂ ಕಡಿತ ಮಾಡದೆ ಬಿಟ್ಟದ್ದರಿಂದ ಬ್ಯಾಟರಿ ಬಹುತೇಕ ಬರಿದಾಗಿಯೇ ವಾರಗಟ್ಟಲೆ ಉಳಿದು, ಅದರ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿತು.

ಇದನ್ನು ಗುರುತಿಸುವುದರಲ್ಲೂ ನಾವು ಮೋಸಹೋದೆವು. ಆಗಸ್ಟಿನಲ್ಲಿ ಬಿಸಿಲು ಬಂದ ದಿನ ಅರ್ಧ ಗಂಟೆಯೊಳಗೆ ಕಂಟ್ರೋಲರ್ 14.4 ವೋಲ್ಟ್ ತೋರಿಸಿದಾಗ ಬ್ಯಾಟರಿ ತುಂಬಿತೆಂದು ಸಂತೋಷಪಟ್ಟೆವು. ಬರಿದಾದ ಬ್ಯಾಟರಿ ಅಷ್ಟು ಬೇಗ ತುಂಬಲು ಸಾಧ್ಯವೇ ಇಲ್ಲ. ಫಲಕದ ತಂತಿ ಬಿಚ್ಚಿ ನಾಲ್ಕು ಫೋನು ಹಾಕಿ ಮಲ್ಟಿಮೀಟರ್ ಹಿಡಿದಾಗ ಒಂದೇ ಗಂಟೆಯಲ್ಲಿ ವೋಲ್ಟೇಜ್ 11ರ ಹತ್ತಿರ ಕುಸಿಯಿತು. ಬೇಗ ಏರಿ ಬೇಗ ಇಳಿಯುವುದು ಸಲ್ಫೇಟ್ ಹಿಡಿದ ಬ್ಯಾಟರಿಯ ಗುರುತು.

ನೆರಳಿನದು ಇನ್ನೊಂದು ಕಥೆ. ಮಧ್ಯಾಹ್ನ ಮೂರರ ನಂತರ ಪಕ್ಕದ ಮರದ ನೆರಳು ಫಲಕದ ಒಂದು ಮೂಲೆಗೆ ಬೀಳುತ್ತಿತ್ತು. ಮೂಲೆಯಷ್ಟೇ ತಾನೇ ಎಂದುಕೊಂಡಿದ್ದೆವು. ಆದರೆ ಇಂಥ ಫಲಕದ 36 ಕೋಶಗಳು ಒಂದರ ಹಿಂದೊಂದು ಜೋಡಿಸಲ್ಪಟ್ಟಿರುತ್ತವೆ. ಒಂದರ ಮೇಲೆ ಗಾಢ ನೆರಳು ಬಿದ್ದರೂ ಬೈಪಾಸ್ ಡಯೋಡ್ ಅರ್ಧ ಫಲಕವನ್ನೇ ಬಿಟ್ಟುಹಾಕುತ್ತದೆ. ಉಳಿಯುವ ಸುಮಾರು 9 ವೋಲ್ಟಿನಿಂದ 12 ವೋಲ್ಟಿನ ಬ್ಯಾಟರಿಗೆ ಚಾರ್ಜ್ ಹೋಗುವುದೇ ಇಲ್ಲ.

ಮರುವರ್ಷ ಜುಲೈ ತಿಂಗಳನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿದೆವು. 100 ವ್ಯಾಟಿನ ಎರಡು ಫಲಕಗಳನ್ನು ಸಮಾಂತರವಾಗಿ ಜೋಡಿಸಿ, ಒಂದಕ್ಕೆ ನೆರಳು ಬಿದ್ದರೂ ಇನ್ನೊಂದು ದುಡಿಯುವಂತೆ ದೂರದೂರ ಇಟ್ಟು, ಎರಡನ್ನೂ ದಕ್ಷಿಣಕ್ಕೆ ಸುಮಾರು 15 ಡಿಗ್ರಿ ಬಾಗಿಸಿದೆವು. ಬ್ಯಾಟರಿ 60 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್. ಅದರಲ್ಲಿ 48ನ್ನು ನಿರಾತಂಕವಾಗಿ ಬಳಸಬಹುದು. ಮೂರು ಗಂಟೆಯ ಬಿಸಿಲಿಗೆ ಸುಮಾರು 31 ಒಳಬರುತ್ತದೆ. ಒಂದೂವರೆ ಗಂಟೆಯಷ್ಟೇ ಸಿಗುವ ಕಡುಮಳೆಯಲ್ಲಿ ದಿನಕ್ಕೆ 6ರ ಕೊರತೆ ಬಿದ್ದರೂ ತುಂಬಿದ ಬ್ಯಾಟರಿ ಎಂಟು ದಿನ ತಾಳುತ್ತದೆ. ಈ ಬ್ಯಾಟರಿಗೆ ಹೊಂದುವ ಚಾರ್ಜ್ ಆಯ್ಕೆ ಇರುವ ಕಂಟ್ರೋಲರನ್ನೇ ಕೊಳ್ಳಬೇಕು. ನಮ್ಮ ಹಳೆಯದರಲ್ಲಿ ಅದಿರಲಿಲ್ಲವಾದ್ದರಿಂದ ಹಳೆಯ ಸಾಮಾನಿನಲ್ಲಿ ಹೊಸ ಪೆಟ್ಟಿಗೆಗೆ ಬಂದದ್ದು ಒಂದು ಫಲಕ ಮತ್ತು ನಾಲ್ಕು ಕಿಂಡಿಗಳು ಮಾತ್ರ.