‘ತೇರ್ಗಡೆ’ ಎಂದು ಬರೆದ ಸ್ವೀಕಾರ ಪರೀಕ್ಷಾ ವರದಿಗೆ ಸಹಿ ಹಾಕುವ ಮುನ್ನ ವಿಚಲನೆಗಳ ಪಟ್ಟಿಯನ್ನು ಓದಿ

ಹೊಸ ಸಾಫ್ಟ್‌ವೇರ್ ಕೊಳ್ಳುವ ಸಹಕಾರ ಸಂಘಗಳಿಗೆ, ವಿಶೇಷವಾಗಿ ಸ್ವಂತ ಕಂಪ್ಯೂಟರ್ ವಿಭಾಗವಿಲ್ಲದ ಸಣ್ಣ ಪತ್ತಿನ ಸಂಘಗಳ ಕಾರ್ಯದರ್ಶಿಗಳಿಗೆ ಮತ್ತು ನಿರ್ದೇಶಕರಿಗೆ ಈ ಬರಹ. ನಾನು ಲೆಕ್ಕಪತ್ರ ವಿಭಾಗದಲ್ಲಿರುವ ಸಂಘವೊಂದರಲ್ಲಿ, ಕೊಳ್ಳುವವರು ಒಪ್ಪಿಕೊಳ್ಳುವ ಮುನ್ನ ನಡೆಯುವ ಸ್ವೀಕಾರ ಪರೀಕ್ಷೆಯಲ್ಲಿ ಕ್ರಮಬದ್ಧವಾಗಿ ತೇರ್ಗಡೆಯಾದ ಠೇವಣಿ ತಂತ್ರಾಂಶವು ಅವಧಿಗೆ ಮುನ್ನ ಮುರಿಸಿದ ಠೇವಣಿಗಳಿಗೆ ತಿಂಗಳುಗಟ್ಟಲೆ ಹೆಚ್ಚು ಬಡ್ಡಿ ಪಾವತಿಸಿತು. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಪರೀಕ್ಷೆಯ ಯೋಜನೆ, ವರದಿ, ಯೋಜನೆಯಿಂದ ಸರಿದದ್ದನ್ನು ದಾಖಲಿಸುವ ವಿಚಲನೆಗಳ ಪಟ್ಟಿ ಎಲ್ಲವೂ ಕಡತದಲ್ಲಿದ್ದವು, ಎಲ್ಲದಕ್ಕೂ ಎರಡೂ ಕಡೆಯವರ ಸಹಿ ಇತ್ತು. ಅಷ್ಟಾದರೂ ತಪ್ಪು ಹೇಗೆ ನುಸುಳಿತು ಎಂಬುದನ್ನು ಆ ಕಾಗದಗಳ ಆಧಾರದಲ್ಲಿಯೇ ವಿವರಿಸುತ್ತೇನೆ.

ವಿಷಯ ಬೆಳಕಿಗೆ ಬಂದದ್ದು ವಾರ್ಷಿಕ ಲೆಕ್ಕಪರಿಶೋಧನೆಯಲ್ಲಿ. ಲೆಕ್ಕಪರಿಶೋಧಕರು ಒಂದು ವೋಚರನ್ನು ಪಕ್ಕಕ್ಕೆ ತೆಗೆದಿಟ್ಟು, ಕ್ಯಾಲ್ಕುಲೇಟರಿನಲ್ಲಿ ಎರಡು ಬಾರಿ ಲೆಕ್ಕ ಹಾಕಿ, “ಇನ್ನೂರು ದಿನ ಇಟ್ಟ ಠೇವಣಿಗೆ ಎಂಟು ಪರ್ಸೆಂಟ್ ಯಾವ ನಿಯಮದಲ್ಲಿ ಕೊಟ್ಟಿದ್ದೀರಿ?” ಎಂದು ಕೇಳಿದರು. ಠೇವಣಿ ಒಂದು ಲಕ್ಷ ರೂಪಾಯಿಯದು, ಎರಡು ವರ್ಷದ ಅವಧಿಗೆ ಶೇಕಡಾ 9ರ ಸರಳ ಬಡ್ಡಿಯಲ್ಲಿ ಇಟ್ಟದ್ದು. ಸಂಘದ ಠೇವಣಿ ನಿಯಮದ ಪ್ರಕಾರ, ಅವಧಿಗೆ ಮುನ್ನ ಮುರಿಸಿದರೆ ಒಪ್ಪಂದದ ದರ ಅನ್ವಯಿಸುವುದಿಲ್ಲ. ಠೇವಣಿ ನಿಜವಾಗಿ ಎಷ್ಟು ದಿನ ಇತ್ತೋ ಅಷ್ಟು ದಿನಕ್ಕೆ ದರಪಟ್ಟಿಯಲ್ಲಿರುವ ದರವನ್ನು ತೆಗೆದುಕೊಂಡು, ಅದರಲ್ಲಿ ಶೇಕಡಾ 1 ಕಡಿತ ಮಾಡಬೇಕು. 181ರಿಂದ 364 ದಿನಗಳಿಗೆ ದರ ಶೇಕಡಾ 7 ಇದ್ದುದರಿಂದ ಈ ಠೇವಣಿಗೆ ಸಲ್ಲಬೇಕಾದದ್ದು ಶೇಕಡಾ 6, ಅಂದರೆ 3,287.67 ರೂಪಾಯಿ. ತಂತ್ರಾಂಶ ಒಪ್ಪಂದದ 9ರಲ್ಲೇ 1 ಕಳೆದು, ಶೇಕಡಾ 8ರಂತೆ 4,383.56 ರೂಪಾಯಿ ಕೊಟ್ಟಿತ್ತು. ಒಂದೇ ವೋಚರಿನಲ್ಲಿ 1,095.89 ರೂಪಾಯಿ ಹೆಚ್ಚು. ಹಣ ತೆಗೆದುಕೊಂಡು ಹೋದ ಸದಸ್ಯರ ಮನೆಗೆ ಹೋಗಿ ಅದನ್ನು ವಾಪಸು ಕೇಳುವುದು ಹೇಗೆ ಎಂಬ ಪ್ರಶ್ನೆಯನ್ನು ಸಂಘದ ಆಡಳಿತ ಮಂಡಳಿ ಇಂದಿಗೂ ಬಗೆಹರಿಸಿಕೊಂಡಿಲ್ಲ.

ಈ ಲೆಕ್ಕವನ್ನು ಪರೀಕ್ಷಿಸಿಯೇ ಇರಲಿಲ್ಲ ಎನ್ನುವಂತಿಲ್ಲ. ಪರೀಕ್ಷಾ ಯೋಜನೆಯಲ್ಲಿದ್ದ ಅರವತ್ತು ಟೆಸ್ಟ್ ಕೇಸುಗಳಲ್ಲಿ ಅವಧಿಪೂರ್ವ ಮುಕ್ತಾಯಕ್ಕೂ ಒಂದು ಕೇಸ್ ಇತ್ತು. ಅದರಲ್ಲಿ ನಿರೀಕ್ಷಿತ ಫಲಿತಾಂಶ ಎಂಬ ಅಂಕಣದಲ್ಲಿ ಬರೆದಿದ್ದದ್ದು ಇಷ್ಟು: “ವ್ಯವಸ್ಥೆಯು ಬಡ್ಡಿಯನ್ನು ನಿಯಮಾನುಸಾರ ಲೆಕ್ಕ ಹಾಕಿ ತೋರಿಸಬೇಕು.” ಪರದೆಯ ಮೇಲೆ 8,767.12 ಎಂಬ ಮೊತ್ತ ಬಂತು; ವಾಸ್ತವ ಫಲಿತಾಂಶದ ಅಂಕಣದಲ್ಲಿ “ತೋರಿಸಿದೆ” ಎಂದು ಬರೆದು ತೇರ್ಗಡೆ ಎಂದು ಗುರುತು ಹಾಕಿದರು. ಎಷ್ಟು ರೂಪಾಯಿ ಬರಬೇಕು ಎಂಬುದನ್ನು ಪರೀಕ್ಷೆಗೆ ಮುನ್ನವೇ, ತಂತ್ರಾಂಶವನ್ನು ನೋಡದೆ, ನಿಯಮಾವಳಿಯನ್ನು ಎದುರಿಗಿಟ್ಟುಕೊಂಡು ಕೈಲೆಕ್ಕದಲ್ಲಿ ಬರೆದಿಡದ ಕೇಸು ಯಾವ ಉತ್ತರ ಬಂದರೂ ತೇರ್ಗಡೆಯಾಗುತ್ತದೆ. ಬಡ್ಡಿ, ದಂಡಬಡ್ಡಿ, ಲಾಭಾಂಶದಂಥ ಲೆಕ್ಕಗಳಿಗೆ ತೇರ್ಗಡೆ ಮಾನದಂಡವೆಂದರೆ ಪೈಸೆಯವರೆಗಿನ ಒಂದು ಸಂಖ್ಯೆ ಮತ್ತು ಅದು ಯಾವ ನಿಯಮದಿಂದ ಬಂತು ಎಂಬ ಉಲ್ಲೇಖ.

ಆದರೆ ಈ ಪ್ರಕರಣದಲ್ಲಿ ಸಂಖ್ಯೆ ಬರೆದಿದ್ದರೂ ತಪ್ಪು ಸಿಗುತ್ತಿರಲಿಲ್ಲ ಎಂಬುದು ಇನ್ನೂ ಗಮನಿಸಬೇಕಾದ ಸಂಗತಿ. ಪರೀಕ್ಷೆ ನಡೆದದ್ದು ಸರಬರಾಜುದಾರರ ಪ್ರದರ್ಶನ ಡೇಟಾಬೇಸಿನಲ್ಲಿ, ಮತ್ತು ಆ ಡೇಟಾಬೇಸಿನ ದರಪಟ್ಟಿಯಲ್ಲಿ ಎಲ್ಲ ಅವಧಿಗಳಿಗೂ ಶೇಕಡಾ 9ರ ಒಂದೇ ದರ ತುಂಬಿತ್ತು. ಒಂದು ಲಕ್ಷದ ಎರಡು ವರ್ಷದ ಠೇವಣಿಯನ್ನು 400 ದಿನಕ್ಕೆ ಮುರಿಸಿ ನೋಡಿದರು. ಒಪ್ಪಂದದ ದರದಿಂದ 1 ಕಳೆದರೂ 8, ಇದ್ದ ದಿನಗಳ ದರದಿಂದ 1 ಕಳೆದರೂ 8. ಸರಿಯಾದ ತಂತ್ರಾಂಶವೂ ತಪ್ಪು ತಂತ್ರಾಂಶವೂ 8,767.12 ಎಂದೇ ಹೇಳುತ್ತವೆ. ಎರಡರ ಉತ್ತರವೂ ಒಂದೇ ಆಗುವಂಥ ಅಂಕಿಗಳನ್ನು ಆರಿಸಿದ ಮೇಲೆ ಕೇಸನ್ನು ಎಷ್ಟು ಸಲ ನಡೆಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿ ಲೆಕ್ಕದ ಕೇಸಿಗೂ, ನಿಯಮವನ್ನು ತಪ್ಪಾಗಿ ಅರ್ಥಮಾಡಿಕೊಂಡವರು ಯಾವ ಉತ್ತರ ಪಡೆಯುತ್ತಾರೆ ಎಂಬುದನ್ನೂ ಪಕ್ಕದಲ್ಲಿ ಲೆಕ್ಕ ಹಾಕಿ, ಅದು ಸರಿಯುತ್ತರಕ್ಕಿಂತ ಬೇರೆಯಾಗಿದೆ ಎಂದು ಖಚಿತಪಡಿಸಿಕೊಳ್ಳಬೇಕು. 200 ದಿನದ ಉದಾಹರಣೆ ಆ ಕೆಲಸ ಮಾಡುತ್ತದೆ. ಸಂಘದ ನಿಜವಾದ ದರಪಟ್ಟಿ ಇದ್ದಿದ್ದರೆ 400 ದಿನದ್ದೂ ಮಾಡುತ್ತಿತ್ತು, ಏಕೆಂದರೆ ಅದರಲ್ಲಿ ಒಂದು ವರ್ಷ ದಾಟಿದ ಠೇವಣಿಗೆ ದರ 8.5, ಎರಡು ವರ್ಷಕ್ಕೆ 9.

ಯೋಜನೆಯಲ್ಲಿ ಸಂಘದ್ದೇ ದರಪಟ್ಟಿ ಅಳವಡಿಸಿದ ಡೇಟಾಬೇಸಿನಲ್ಲಿ ಪರೀಕ್ಷೆ ನಡೆಯಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗೆ ನಡೆಯಲಿಲ್ಲ ಎಂಬುದನ್ನು ವರದಿಯೂ ಮುಚ್ಚಿಟ್ಟಿರಲಿಲ್ಲ. ವಿಚಲನೆಗಳ ಪಟ್ಟಿಯ ಮೂರನೆಯ ಸಾಲು ಹೀಗಿತ್ತು: “ಪರೀಕ್ಷೆಯಲ್ಲಿ ಮಾದರಿ ದರಪಟ್ಟಿ ಬಳಸಲಾಗಿದೆ. ನೈಜ ದರಪಟ್ಟಿಯನ್ನು ಅನುಸ್ಥಾಪನೆಯ ವೇಳೆ ಅಳವಡಿಸಲಾಗುವುದು. ತೀವ್ರತೆ: ಕಡಿಮೆ. ಸ್ಥಿತಿ: ಒಪ್ಪಲಾಗಿದೆ.” ಈ ಸಾಲಿನಲ್ಲಿ ಸುಳ್ಳಿಲ್ಲ. ಅದನ್ನು ಒಪ್ಪಿದ ಮೇಲೆ ದರಪಟ್ಟಿಯನ್ನು ಅವಲಂಬಿಸಿದ ಏಳು ಕೇಸುಗಳ ಮುಂದೆ ಇದ್ದ ತೇರ್ಗಡೆ ಗುರುತು ಉಳಿಯಬಾರದಾಗಿತ್ತು, ಆದರೆ ಉಳಿಯಿತು. ವರದಿಯ ಒಂದು ಪುಟ ಇನ್ನೊಂದು ಪುಟವನ್ನು ಅಲ್ಲಗಳೆಯುತ್ತಿತ್ತು. ಸಹಿ ಹಾಕುವವರು ನೋಡಿದ್ದು ಮೊದಲ ಪುಟದ ಒಟ್ಟು ಮೊತ್ತವನ್ನು.

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಪಾಸ್‌ಬುಕ್ಕಿನ ಸಾಲು ಒಂದು ಗೆರೆ ಕೆಳಗೆ ಅಚ್ಚಾಗುವುದು ತಂತ್ರಾಂಶದ ದೋಷ; ಅದಕ್ಕೆ ತೀವ್ರತೆ ಹೆಚ್ಚು, ಮಧ್ಯಮ, ಕಡಿಮೆ ಎಂದು ಹಾಕಬಹುದು. ಬೇರೆ ಡೇಟಾ, ಬೇರೆ ಯಂತ್ರ, ಬೇರೆ ಆವೃತ್ತಿಯಲ್ಲಿ ಪರೀಕ್ಷೆ ನಡೆಸಿದ್ದು ಪರೀಕ್ಷೆಯ ನಡವಳಿಕೆಯಲ್ಲಿ ಆದ ವಿಚಲನೆ. ಅದಕ್ಕೆ ತೀವ್ರತೆ ಎಂಬುದೇ ಅನ್ವಯಿಸುವುದಿಲ್ಲ. ಅದರ ಬಗ್ಗೆ ಕೇಳಬೇಕಾದದ್ದು ಯಾವ ಯಾವ ಕೇಸುಗಳ ಫಲಿತಾಂಶ ಇದರಿಂದ ಬಿದ್ದುಹೋಗುತ್ತದೆ ಎಂದು ಮಾತ್ರ. ತಂತ್ರಾಂಶ ಪರೀಕ್ಷೆಯ ದಾಖಲೆಗಳಿಗೆಂದು ರೂಪಿಸಿದ ಐಇಇಇ 829 ಮಾನದಂಡದ 1998ರ ಆವೃತ್ತಿ ಸಾರಾಂಶ ವರದಿಯಲ್ಲಿ ವ್ಯತ್ಯಾಸಗಳಿಗೆ ಪ್ರತ್ಯೇಕ ಭಾಗವನ್ನೇ ಇಟ್ಟು, ಯೋಜನೆಯಿಂದ ಎಲ್ಲಿ ಸರಿದಿರಿ, ಏಕೆ ಸರಿದಿರಿ ಎಂದು ಬರೆಯಲು ಹೇಳುತ್ತದೆ. ಈ ವರದಿಯಲ್ಲಿ ಎರಡು ಜಾತಿಯವನ್ನೂ ಒಂದೇ ಕೋಷ್ಟಕಕ್ಕೆ ಹಾಕಿದ್ದರು. ಪರಿಣಾಮವಾಗಿ ಪಾಸ್‌ಬುಕ್ಕಿನ ಗೆರೆಗೆ “ಮಧ್ಯಮ”, ದರಪಟ್ಟಿಗೆ “ಕಡಿಮೆ”. ಸಭೆಯ ನಡಾವಳಿ ಓದಿದರೆ ಚರ್ಚೆಯ ಬಹುಭಾಗ ಪಾಸ್‌ಬುಕ್ಕಿನ ಗೆರೆಯ ಮೇಲೆಯೇ ನಡೆದಂತೆ ಕಾಣುತ್ತದೆ. ಕಣ್ಣಿಗೆ ಕಾಣುವ ದೋಷದ ಬಗ್ಗೆ ಯಾರು ಬೇಕಾದರೂ ಮಾತನಾಡಬಹುದಲ್ಲ!

ಒಟ್ಟು ತೇರ್ಗಡೆಯ ಮಾನದಂಡವೂ ಈ ತಪ್ಪಿಗೆ ನೆರವಾಯಿತು. ಶೇಕಡಾ 95 ಕೇಸುಗಳು ತೇರ್ಗಡೆಯಾಗಿರಬೇಕು ಮತ್ತು ಹೆಚ್ಚು ತೀವ್ರತೆಯ ದೋಷ ಬಾಕಿ ಇರಬಾರದು ಎಂದು ಯೋಜನೆ ಹೇಳುತ್ತಿತ್ತು. ಅರವತ್ತರಲ್ಲಿ ಐವತ್ತೆಂಟು ತೇರ್ಗಡೆ, ಅಂದರೆ ಶೇಕಡಾ 96.67. ಬಿದ್ದುಹೋಗಬೇಕಿದ್ದ ಏಳನ್ನು ಕಳೆದರೆ ಐವತ್ತೊಂದು, ಅಂದರೆ ಶೇಕಡಾ 85. ಅಲ್ಲಿಗೆ ಸ್ವೀಕಾರ ನಿಲ್ಲಬೇಕಿತ್ತು. ಈ ಮಾತನ್ನು ಸರಬರಾಜುದಾರರ ಮುಂದಿಟ್ಟಾಗ ಅವರು ಕೊಟ್ಟ ಉತ್ತರ ಚುರುಕಾಗಿತ್ತು: ಆ ಏಳು ಕೇಸುಗಳು ನಡೆದೇ ಇಲ್ಲ ಎಂದಾದರೆ ಒಟ್ಟು ಸಂಖ್ಯೆಯಿಂದಲೂ ಅವನ್ನು ತೆಗೆಯಬೇಕು, ಆಗ ಐವತ್ಮೂರರಲ್ಲಿ ಐವತ್ತೊಂದು, ಶೇಕಡಾ 96.2, ಈಗಲೂ ತೇರ್ಗಡೆಯೇ. ಯೋಜನೆಯಲ್ಲಿ ಇದಕ್ಕೆ ಎದುರು ಮಾತಿರಲಿಲ್ಲ. ನಡೆಯದ ಮತ್ತು ರದ್ದಾದ ಕೇಸುಗಳು ಛೇದದಲ್ಲೇ ಉಳಿಯುತ್ತವೆ ಎಂಬ ಒಂದು ವಾಕ್ಯವನ್ನು ಮೊದಲೇ ಬರೆಸಿಕೊಳ್ಳಿ. ಅದಕ್ಕಿಂತ ಮುಖ್ಯವಾಗಿ, ಹಣದ ಲೆಕ್ಕದ ಕೇಸುಗಳನ್ನು ಶೇಕಡಾವಾರಿನಿಂದ ಹೊರಗಿಟ್ಟು, ಅವುಗಳಲ್ಲಿ ಒಂದು ಸೋತರೂ ಸ್ವೀಕಾರವಿಲ್ಲ ಎಂದು ಬರೆಯಿಸಿ. ವರದಿಯ ತಲೆಬರಹದ ಅಕ್ಷರಶೈಲಿಯ ಕೇಸು ಮತ್ತು ಬಡ್ಡಿಯ ಕೇಸು ಒಂದೇ ತೂಕದ್ದಾಗಿ ಎಣಿಕೆಯಾಗುವುದು ಅಸಂಗತ.

ಆವೃತ್ತಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ವರದಿಯಲ್ಲಿದ್ದದ್ದು 4.2.0, ಸಂಘದ ಯಂತ್ರದಲ್ಲಿ ಕೂತದ್ದು 4.2.3. ನಡುವೆ ಏನು ಬದಲಾಯಿತು ಎಂಬ ಪಟ್ಟಿ ಕಡತದಲ್ಲಿಲ್ಲ. ಪರೀಕ್ಷೆ ಆರಂಭವಾಗುವ ದಿನವೇ ಅನುಸ್ಥಾಪನಾ ಕಡತದ ಹ್ಯಾಶ್, ಅಂದರೆ ಕಡತದ ಒಳಗಿರುವುದರಿಂದ ಲೆಕ್ಕ ಹಾಕಿ ಬರುವ ಗುರುತಿನ ಸಾಲು, ತೆಗೆದು ವರದಿಯ ಮೊದಲ ಪುಟದಲ್ಲಿ ಬರೆಸಿ, ಅಳವಡಿಸುವ ದಿನ ಮತ್ತೆ ತೆಗೆದು ಹೋಲಿಸಿ. ವಿಂಡೋಸ್ ಯಂತ್ರದಲ್ಲಿ ಆಜ್ಞೆ ಇದು. ಕಡತದ ಹೆಸರನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ:

```
certutil -hashfile setup.exe SHA256
```

ಎರಡು ದಿನದ ಸಾಲುಗಳಲ್ಲಿ ಒಂದು ಅಕ್ಷರ ಬೇರೆಯಾದರೂ ನೀವು ಪರೀಕ್ಷಿಸಿದ ಕಡತ ಅದಲ್ಲ.

ತಪ್ಪು ಗೊತ್ತಾದ ಮೇಲೆ ದುರಸ್ತಿ ತಕ್ಷಣ ಆಗಲಿಲ್ಲ. ಸಹಿಯಾದ ವರದಿಯ ಆಧಾರದಲ್ಲಿ ಕಂತಿನ ಹಣ ಬಿಡುಗಡೆಯಾಗಿತ್ತು. ಅಗತ್ಯಗಳ ದಾಖಲೆಯಲ್ಲಿ “ಸಂಘದ ನಿಯಮಾನುಸಾರ” ಎಂದಷ್ಟೇ ಇದ್ದು ಅವಧಿಪೂರ್ವ ಮುಕ್ತಾಯದ ಸೂತ್ರ ಇಲ್ಲದ್ದರಿಂದ ಇದು ದೋಷವಲ್ಲ, ಹೊಸ ಬದಲಾವಣೆ, ಅದಕ್ಕೆ ಪ್ರತ್ಯೇಕ ಶುಲ್ಕ ಎಂಬುದು ಸರಬರಾಜುದಾರರ ವಾದವಾಗಿತ್ತು. ಜೊತೆಗೆ, ಅಳವಡಿಸಿದ ಮೇಲೆ ದೈನಂದಿನ ವ್ಯವಹಾರಕ್ಕೆ ಬಳಸಿದರೆ ಅದೇ ಸ್ವೀಕಾರವೆಂದು ಪರಿಗಣಿಸತಕ್ಕದ್ದು ಎಂಬ ಷರತ್ತು ಒಪ್ಪಂದದ ಕೊನೆಯ ಪುಟದಲ್ಲಿತ್ತು. ಅಂಥ ಷರತ್ತು ನಿಮ್ಮ ಒಪ್ಪಂದದಲ್ಲಿದ್ದರೆ, ಲಿಖಿತ ವರದಿಯಲ್ಲಿ ದಾಖಲಾದ ವಿಚಲನೆಗಳು ಮುಗಿಯುವವರೆಗೆ ಅದು ಅನ್ವಯಿಸುವುದಿಲ್ಲ ಎಂದು ಸಹಿಗೆ ಮುನ್ನವೇ ಸೇರಿಸಿ. ಆಮೇಲೆ ಯಾರೂ ಸೇರಿಸಲು ಒಪ್ಪುವುದಿಲ್ಲ. ಇಲ್ಲಿ ಸಂಘವನ್ನು ಸ್ವಲ್ಪಮಟ್ಟಿಗೆ ಕಾಪಾಡಿದ್ದು ಅದೇ ಮೂರನೆಯ ವಿಚಲನೆ. ನೈಜ ದರಪಟ್ಟಿ ಹಾಕುವುದಾಗಿ ಅವರೇ ಬರೆದುಕೊಟ್ಟಿದ್ದರು, ಹಾಕಿದ ಮೇಲೆ ಯಾವ ಕೇಸನ್ನೂ ಮರುಪರೀಕ್ಷೆ ಮಾಡಿರಲಿಲ್ಲ. ಆದ್ದರಿಂದ ಆ ವಿಚಲನೆ ಇನ್ನೂ ತೆರೆದೇ ಇದೆ ಎಂಬ ವಾದಕ್ಕೆ ಅವರು ಕೊನೆಗೆ ಮಣಿದು, ದುರಸ್ತಿಯನ್ನು ಶುಲ್ಕವಿಲ್ಲದೆ ಮಾಡಿಕೊಟ್ಟರು. ಹೆಚ್ಚು ಪಾವತಿಯಾದ ಬಡ್ಡಿಯ ಜವಾಬ್ದಾರಿಯನ್ನು ಮಾತ್ರ ಒಪ್ಪಲಿಲ್ಲ.

ಮರುಪರೀಕ್ಷೆಯ ವರದಿಯಲ್ಲಿ ವಿಚಲನೆಯ ಸಾಲನ್ನು ಸಂಘವೇ ಬರೆಯಿತು. ಮಾದರಿಯಾಗಿ ಕೊಡುತ್ತೇನೆ, ಬೇಕಾದವರು ಬಳಸಿಕೊಳ್ಳಬಹುದು: “ಯೋಜನೆ ಕೇಳಿದ್ದು: ಸಂಘದ ದರಪಟ್ಟಿ. ನಡೆದದ್ದು: ಹಿರಿಯ ನಾಗರಿಕರ ಹೆಚ್ಚುವರಿ ದರ ಅಳವಡಿಸದೆ ಪರೀಕ್ಷೆ. ಇದರಿಂದ ರದ್ದಾಗುವ ಕೇಸುಗಳು: 31 ಮತ್ತು 34. ಇವುಗಳ ಫಲಿತಾಂಶವನ್ನು ‘ನಡೆದಿಲ್ಲ’ ಎಂದು ತಿದ್ದಲಾಗಿದೆ. ದರ ಅಳವಡಿಸಿ ಇವನ್ನು ಮತ್ತೆ ನಡೆಸಬೇಕಾದವರು: ಸರಬರಾಜುದಾರರು, ಸಂಘದ ಲೆಕ್ಕಿಗರ ಸಮ್ಮುಖದಲ್ಲಿ. ಅಲ್ಲಿಯವರೆಗೆ ಕೊನೆಯ ಕಂತು ತಡೆಹಿಡಿಯಲಾಗಿದೆ.” ಅದೇ ವರದಿಯಲ್ಲಿ ಅವಧಿಪೂರ್ವ ಮುಕ್ತಾಯದ ಕೇಸಿನ ಎದುರು ನಿರೀಕ್ಷಿತ 3,287.67, ವಾಸ್ತವ 3,287.67 ಎಂದು ದಾಖಲಾಗಿದೆ. 31 ಮತ್ತು 34 ಇದನ್ನು ಬರೆಯುವ ಹೊತ್ತಿಗೂ ಬಾಕಿ ಇವೆ, ಕೊನೆಯ ಕಂತೂ ಹಾಗೆಯೇ ಇದೆ.